ಗೋಡಂಬಿ ಕೆ.ಜಿ.ಗೆ ಎಷ್ಟು? ಮೊದಲು ನೂರು ಗ್ರಾಂ ಎಣಿಸಿ ನೋಡಿ

ಒಂದೇ ಬೀದಿಯಲ್ಲಿ, ಒಂದೇ ದಿನ, ಮೂರು ಅಂಗಡಿಯಲ್ಲಿ ಗೋಡಂಬಿ ದರ ಕೇಳಿ. ಒಬ್ಬರು 820 ಅಂತಾರೆ, ಇನ್ನೊಬ್ಬರು 960, ಮತ್ತೊಬ್ಬರು 1,100. ನಾವು ತಕ್ಷಣ ಮೊದಲನೆಯವರು ಸೋವಿ, ಕೊನೆಯವರು ದುಬಾರಿ ಅಂದುಕೊಳ್ಳುತ್ತೇವೆ. ಆದರೆ ಮೂವರೂ ಸರಿಯಾದ ದರವನ್ನೇ ಹೇಳಿರಬಹುದು. ಮೂವರ ಹತ್ತಿರ ಇರುವ ಮಾಲು ಬೇರೆ ಬೇರೆ, ಅಷ್ಟೇ. ಯಾವ ಗ್ರೇಡು ಅಂತ ಗೊತ್ತಾಗದೆ ಕೆ.ಜಿ. ದರವನ್ನು ಹೋಲಿಸಿ ಪ್ರಯೋಜನವಿಲ್ಲ.

ಹಬ್ಬ, ಮದುವೆ, ಗೃಹಪ್ರವೇಶ ಅಂತ ಒಂದೆರಡು ಕೆ.ಜಿ. ತರುವವರಿಗೆ ಈ ವ್ಯತ್ಯಾಸ ನೂರಾರು ರೂಪಾಯಿಯದ್ದು. ಇಲ್ಲಿ ಗೋಡಂಬಿಯನ್ನೇ ಹಿಡಿದುಕೊಂಡು ವಿವರವಾಗಿ ನೋಡೋಣ. ಅದರ ಲೆಕ್ಕ ಅರ್ಥವಾದರೆ ಬಾದಾಮಿ, ದ್ರಾಕ್ಷಿ, ಪಿಸ್ತಾ ಬೇಗ ಮುಗಿಯುತ್ತವೆ. ಬರಹದಲ್ಲಿರುವ ದರಗಳು ಲೆಕ್ಕ ತೋರಿಸಲು ಇಟ್ಟುಕೊಂಡವು. ನಿಮ್ಮೂರಿನ ಇವತ್ತಿನ ದರವನ್ನು ಆ ಜಾಗದಲ್ಲಿ ಹಾಕಿಕೊಳ್ಳಿ.

ಹೆಜ್ಜೆ 1: ಗ್ರೇಡಿನ ಸಂಖ್ಯೆ ತಿಳಿದುಕೊಳ್ಳಿ

ಗೋಡಂಬಿ ವ್ಯಾಪಾರದಲ್ಲಿ 180, 210, 240, 320, 400, 450 ಅಂತ ಸಂಖ್ಯೆಗಳಿವೆ. ಅವುಗಳ ಹಿಂದೆ ‘ಡಬ್ಲ್ಯೂ’ ಇರುತ್ತದೆ. ಬಿಳಿ ಬಣ್ಣದ, ಒಡೆಯದ ಇಡೀ ಬೀಜ ಅಂತ ಅದರ ಲೆಕ್ಕ. ಸಂಖ್ಯೆ ಹೇಳುವುದು ಒಂದು ಪೌಂಡಿಗೆ, ಅಂದರೆ 454 ಗ್ರಾಂಗೆ, ಹೆಚ್ಚೆಂದರೆ ಎಷ್ಟು ಬೀಜ ಬರುತ್ತವೆ ಅಂತ. ಹಾಗಾಗಿ ಸಂಖ್ಯೆ ಚಿಕ್ಕದಾದಷ್ಟೂ ಬೀಜ ದಪ್ಪ, ದರವೂ ಜಾಸ್ತಿ. ಹೊಸಬರು ಇಲ್ಲೇ ಎಡವುತ್ತಾರೆ. 320 ಅನ್ನುವುದು 240ಕ್ಕಿಂತ ‘ಮೇಲಿನ’ ಗ್ರೇಡು ಅಂದುಕೊಳ್ಳುತ್ತಾರೆ. ಅದು ಉಲ್ಟಾ.

ಮನೆಯಲ್ಲಿ ಯಾರೂ ಪೌಂಡಿನಲ್ಲಿ ತೂಗುವುದಿಲ್ಲವಲ್ಲ. ಆದ್ದರಿಂದ 100 ಗ್ರಾಂಗೆ ಇಳಿಸಿದ ಲೆಕ್ಕ ಇಟ್ಟುಕೊಳ್ಳಿ. 100 ಗ್ರಾಂ ಇಡೀ ಗೋಡಂಬಿಯಲ್ಲಿ ಸುಮಾರು ಇಷ್ಟು ಬೀಜಗಳಿರುತ್ತವೆ:

- 180 ಗ್ರೇಡು: 36ರಿಂದ 40
- 210 ಗ್ರೇಡು: 44ರಿಂದ 47
- 240 ಗ್ರೇಡು: 49ರಿಂದ 53
- 320 ಗ್ರೇಡು: 66ರಿಂದ 71
- 400 ಗ್ರೇಡು: 77ರಿಂದ 88
- 450 ಗ್ರೇಡು: 88ರಿಂದ 99

ಇದನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ಬೇಕಾಗುವ ಪಟ್ಟಿ ಇಷ್ಟೇ.

ಒಡೆದ ಮಾಲಿಗೆ ಬೇರೆ ಹೆಸರು, ಬೇರೆ ದರ. ಉದ್ದಕ್ಕೆ ಎರಡಾಗಿ ಸೀಳಿದ್ದನ್ನು ಬೇಳೆ ಅನ್ನುತ್ತಾರೆ. ಅಡ್ಡಕ್ಕೆ ತುಂಡಾದದ್ದು, ದೊಡ್ಡ ಚೂರು, ಸಣ್ಣ ಚೂರು, ಕೊನೆಗೆ ನುಚ್ಚು. ಕೆಳಗೆ ಹೋದಷ್ಟೂ ದರ ಇಳಿಯುತ್ತದೆ. ಇನ್ನೊಂದು ಬಗೆಯೂ ಉಂಟು. ಹುರಿಯುವಾಗ ಬಿಸಿ ಸ್ವಲ್ಪ ಜಾಸ್ತಿಯಾಗಿ ಹಳದಿ ಅಥವಾ ತೆಳು ಕಂದು ಬಣ್ಣಕ್ಕೆ ತಿರುಗಿದ ಇಡೀ ಬೀಜ. ಅದನ್ನು ‘ಎಸ್‌ಡಬ್ಲ್ಯೂ’ ಅನ್ನುತ್ತಾರೆ. ಬಿಳಿ ಗೋಡಂಬಿಗಿಂತ ಅದು ಅಗ್ಗ. ತುಪ್ಪದಲ್ಲಿ ಹುರಿದು ಕೇಸರಿಬಾತಿಗೆ ಹಾಕುವವರಿಗೆ ಬಣ್ಣದ ಚಿಂತೆ ಯಾಕೆ? ಬಾಣಲೆಗೆ ಬಿದ್ದ ಮೇಲೆ ಎರಡೂ ಒಂದೇ ಬಣ್ಣ.

ನನ್ನ ಅಭಿಪ್ರಾಯ ಕೇಳಿದರೆ, ಮನೆ ಬಳಕೆಗೆ 320 ಸಾಕು. 180, 210 ಉಡುಗೊರೆ ಡಬ್ಬಿಗೆ ಚೆಂದ. ತಿನ್ನಲು ರುಚಿಯಲ್ಲಿ ಗಾತ್ರದಿಂದ ವ್ಯತ್ಯಾಸವಿಲ್ಲ. ಒಂದೇ ಕಾರ್ಖಾನೆಯಲ್ಲಿ, ಒಂದೇ ರಾಶಿಯಿಂದ ಜರಡಿ ಹಿಡಿದು ಬೇರೆ ಮಾಡಿದ ಬೀಜಗಳು ಅವು. ಗಸಗಸೆ ಜೊತೆ ರುಬ್ಬಿ ಗ್ರೇವಿಗೆ ಹಾಕುವುದಾದರೆ, ಗೋಡಂಬಿ ಬರ್ಫಿ ಮಾಡುವುದಾದರೆ ಚೂರನ್ನೇ ತನ್ನಿ. ಇಡೀ ಬೀಜಕ್ಕೆ ದುಡ್ಡು ಕೊಟ್ಟು ಮಿಕ್ಸಿಗೆ ಹಾಕುವುದು ಸುಮ್ನೆ ಖರ್ಚು.

ಹೆಜ್ಜೆ 2: ಬಿಡಿ ಮಾಲನ್ನು ಅಂಗಡಿಯಲ್ಲೇ ಪರೀಕ್ಷಿಸಿ

ಬಿಡಿ ಗೋಡಂಬಿ ಅಂಗಡಿಗೆ ಬರುವುದು ಸಾಮಾನ್ಯವಾಗಿ 10 ಕೆ.ಜಿ. ಟಿನ್ನಿನಲ್ಲಿ, ಇಲ್ಲವೇ ಗಾಳಿ ತೆಗೆದ ಚೀಲವಿರುವ ರಟ್ಟಿನ ಪೆಟ್ಟಿಗೆಯಲ್ಲಿ. ಅದರ ಮೇಲೆ ಗ್ರೇಡು ಮುದ್ರಿಸಿರುತ್ತಾರೆ. “ಅಣ್ಣಾ, ಇದು 240ಆ, 320ಆ? ಟಿನ್ ಸ್ವಲ್ಪ ತೋರ್ಸಿ” ಅಂತ ಕೇಳಿ. ಇದು ಯಾರೂ ಬೇಜಾರು ಮಾಡಿಕೊಳ್ಳುವ ಪ್ರಶ್ನೆ ಅಲ್ಲ. ದಿನಾ ಹತ್ತಾರು ಟಿನ್ ಮಾರುವವರು ತಕ್ಷಣ ತೋರಿಸುತ್ತಾರೆ. “ಅದೆಲ್ಲಾ ಬಿಡಿ ಸಾರ್, ಇದು ಎಕ್ಸ್‌ಪೋರ್ಟ್ ಕ್ವಾಲಿಟಿ” ಅನ್ನುವ ಉತ್ತರ ಬಂದರೆ ನಿಮಗೆ ಗ್ರೇಡು ಸಿಗಲಿಲ್ಲ ಅಂತ ಅರ್ಥ. ಜಂಬೋ, ಪ್ರೀಮಿಯಂ, ರಾಯಲ್, ನಂಬರ್ ವನ್ ಅನ್ನುವ ಮಾತುಗಳೂ ಹಾಗೇ. ಅವು ಅಂಗಡಿಯವರು ಇಟ್ಟ ಹೆಸರುಗಳು, ಗ್ರೇಡುಗಳಲ್ಲ.

ಟಿನ್ ನೋಡಿದ ಮೇಲೂ ಎಣಿಸುವುದು ಒಳ್ಳೆಯದು. 320ರ ಮಾಲನ್ನು 240ರ ಟಿನ್ನಿನಲ್ಲಿ ತುಂಬಿಡಲು ಯಾರ ಅಡ್ಡಿಯೂ ಇಲ್ಲ. ಜನ ಜಾಸ್ತಿ ಇಲ್ಲದ ಹೊತ್ತಿನಲ್ಲಿ ಹೋದರೆ 50 ಗ್ರಾಂ ತೂಗಿಸಿ, ಎಣಿಸಿ, ಎರಡು ಪಟ್ಟು ಮಾಡಿ. ಅಂಗಡಿಯಲ್ಲಿ ನಿಂತು ಎಣಿಸಲು ಮುಜುಗರವಾದರೆ ಎರಡು ಮೂರು ಕಡೆಯಿಂದ 100 ಗ್ರಾಂ ತಂದು ಮನೆಯಲ್ಲಿ ಎಣಿಸಿ, ಆಮೇಲೆ ದೊಡ್ಡ ಖರೀದಿ ಮಾಡಿ. ಕೆ.ಜಿ.ಗಟ್ಟಲೆ ತರುವವರಿಗೆ ಈ ಎರಡನೇ ದಾರಿಯೇ ಒಳ್ಳೆಯದು. ತಿಂದೂ ನೋಡಬಹುದು.

ಎಣಿಸುವಾಗ ಮೂರು ವಿಷಯ ಗಮನದಲ್ಲಿರಲಿ. ಮಾದರಿಯನ್ನು ರಾಶಿಯ ಮೇಲಿನಿಂದ ತೆಗೆದುಕೊಳ್ಳಬೇಡಿ. ದಪ್ಪ ಬೀಜಗಳು ಮೇಲೆ, ಚೂರು ತಳದಲ್ಲಿ ಇರುವುದು ಸಹಜ. ಕೆಲವು ಕಡೆ ಅದು ಬರೀ ಸಹಜವೂ ಅಲ್ಲ, ಬೇಕಂತಲೇ ಮಾಡಿದ್ದು. ನಡುವಿನಿಂದ ಅಥವಾ ಕೆಳಗಿನಿಂದ ತೆಗೆಸಿ. ಎರಡನೆಯದು, ಇಡೀ ಬೀಜವನ್ನೂ ಚೂರನ್ನೂ ಬೇರೆ ಮಾಡಿ, ಚೂರನ್ನು ಪ್ರತ್ಯೇಕ ತೂಗಿ. ಸಾಗಾಣಿಕೆಯಲ್ಲಿ ಸ್ವಲ್ಪ ಒಡೆದೇ ಒಡೆಯುತ್ತದೆ. ನೂರಕ್ಕೆ ಐದು ಗ್ರಾಂವರೆಗೆ ಚೂರಿದ್ದರೆ ಜಗಳ ಬೇಡ. ಎಂಟು ಹತ್ತು ಗ್ರಾಂ ಇದ್ದರೆ ಇಡೀ ಗೋಡಂಬಿಯ ದರ ಕೊಡಬೇಡಿ. ಮೂರನೆಯದು, ಬೀಜಗಳ ಗಾತ್ರ ನೋಡಿ. ನಾಲ್ಕು ದಪ್ಪ, ಹತ್ತು ಸಣ್ಣ ಅಂತ ಕಂಡರೆ ಎರಡು ಗ್ರೇಡು ಬೆರೆಸಿದ್ದಾರೆ ಅಂತಲೇ ಲೆಕ್ಕ.

ಆಮೇಲೆ ಒಂದು ಬೀಜವನ್ನು ಕಚ್ಚಿ. ಚೆನ್ನಾಗಿ ಒಣಗಿದ ಗೋಡಂಬಿ ಟಕ್ಕಂತ ಮುರಿಯುತ್ತದೆ. ಹಲ್ಲಿಗೆ ಮೆತ್ತಗೆ ಸಿಕ್ಕಿದರೆ, ಬಗ್ಗಿ ನಿಧಾನವಾಗಿ ಮುರಿದರೆ ತೇವ ಎಳೆದಿದೆ. ಒಳ್ಳೆಯ ಗೋಡಂಬಿಯಲ್ಲಿ ತೇವಾಂಶ ನೂರಕ್ಕೆ 5ರ ಒಳಗಿರಬೇಕು. ಅದಕ್ಕಿಂತ ಮೇಲಿನದಕ್ಕೆ ನೀವು ಕೊಡುವುದು ನೀರಿನ ದುಡ್ಡು, ಜೊತೆಗೆ ಬೇಗ ಮುಗ್ಗುವ ಮಾಲು. ಮಳೆಗಾಲದಲ್ಲಿ ತೆರೆದ ಟ್ರೇಯಲ್ಲಿ ಇಟ್ಟ ಮಾಲಿಗೆ ಈ ಪರೀಕ್ಷೆ ತಪ್ಪಿಸಬೇಡಿ. ಅಗಿದ ಮೇಲೆ ಗಂಟಲಲ್ಲಿ ಹಳೇ ಎಣ್ಣೆಯ ಕಮಟು ಉಳಿದರೆ ದರ ಎಷ್ಟೇ ಕಡಿಮೆಯಾದರೂ ಬೇಡ. ಬೀಜದ ಸೀಳಿನ ಸಂದಿಯಲ್ಲಿ ಬಲೆಯಂಥ ಎಳೆ, ತಟ್ಟೆಯಲ್ಲಿ ಹಿಟ್ಟಿನಂಥ ಪುಡಿ ಕಂಡರೆ ಹುಳ ಇದೆ.

ಹೆಜ್ಜೆ 3: ಪ್ಯಾಕೆಟ್ಟಿನ ದರವನ್ನು ಕೆ.ಜಿ.ಗೆ ತನ್ನಿ

ಪ್ಯಾಕೆಟ್ಟುಗಳು 100, 200, 250, 400, 500 ಗ್ರಾಂ ಹೀಗೆ ನಾನಾ ತೂಕದಲ್ಲಿ ಬರುತ್ತವೆ. ಪಕ್ಕಪಕ್ಕ ಇಟ್ಟ 200 ಮತ್ತು 250 ಗ್ರಾಂ ಪ್ಯಾಕೆಟ್ಟುಗಳು ನೋಡಲು ಒಂದೇ ಗಾತ್ರ. ಹಾಗಾಗಿ ಪ್ಯಾಕೆಟ್ಟಿನ ಬೆಲೆಗೆ ಬೆಲೆ ಹೋಲಿಸಬೇಡಿ. ಮೊದಲು ಕೆ.ಜಿ. ದರ ಮಾಡಿಕೊಳ್ಳಿ. ನೀವು ನಿಜವಾಗಿ ಕೊಡುವ ಬೆಲೆಯನ್ನು ಗ್ರಾಂನಿಂದ ಭಾಗಿಸಿ 1,000ದಿಂದ ಗುಣಿಸಿದರೆ ಆಯಿತು. ಬಾಯಿಲೆಕ್ಕ ಬೇಕಾದರೆ 200 ಗ್ರಾಂ ಪ್ಯಾಕೆಟ್ಟಿಗೆ ಐದರಿಂದ ಗುಣಿಸಿ, 250ಕ್ಕೆ ನಾಲ್ಕರಿಂದ, 400ಕ್ಕೆ ಎರಡೂವರೆಯಿಂದ.

ಕೆಲವು ವರ್ಷಗಳಿಂದ ಪ್ಯಾಕೆಟ್ಟಿನ ಮೇಲೆ ಎಂಆರ್‌ಪಿ ಜೊತೆಗೆ ಘಟಕ ಮಾರಾಟ ಬೆಲೆಯನ್ನೂ ಮುದ್ರಿಸುವ ನಿಯಮ ಬಂದಿದೆ. ಒಂದು ಕೆ.ಜಿ.ಗಿಂತ ಕಡಿಮೆ ತೂಕದ ಪ್ಯಾಕೆಟ್ಟಿನಲ್ಲಿ ಅದು ಗ್ರಾಂಗೆ ಇಷ್ಟು ಅಂತ ಇರುತ್ತದೆ. ಎಂಆರ್‌ಪಿ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ಬಹಳ ಸಲ ಇಂಗ್ಲಿಷಿನ ‘ಯುಎಸ್‌ಪಿ’ ಅನ್ನುವ ಮೂರಕ್ಷರದ ಜೊತೆ, ಗ್ರಾಂಗೆ 1.60 ರೂಪಾಯಿ ಅಂತ ಕಂಡರೆ ಕೆ.ಜಿ.ಗೆ 1,600. ಆದರೆ ಅದು ಎಂಆರ್‌ಪಿಯಿಂದ ಮಾಡಿದ ಲೆಕ್ಕ. ಡ್ರೈಫ್ರೂಟ್ಸ್ ಪ್ಯಾಕೆಟ್ಟುಗಳಲ್ಲಿ ಎಂಆರ್‌ಪಿ ಎತ್ತರದಲ್ಲಿ ಇಟ್ಟು, ದೊಡ್ಡ ರಿಯಾಯಿತಿ ತೋರಿಸಿ ಮಾರುವುದು ಮಾಮೂಲು. ಆದ್ದರಿಂದ ಬಿಲ್ಲಿನಲ್ಲಿ ಬೀಳುವ ಬೆಲೆಯಿಂದಲೇ ಲೆಕ್ಕ ಹಾಕಿ. “ನೂರಕ್ಕೆ 40 ರಿಯಾಯಿತಿ” ಅನ್ನುವುದನ್ನು ಪೂರ್ತಿ ಮರೆತುಬಿಡಿ. ಅದು ಬೀದಿಯ ದರಕ್ಕೆ ಹೋಲಿಸಿದ ರಿಯಾಯಿತಿ ಅಲ್ಲ, ಅವರೇ ಮುದ್ರಿಸಿದ ಬೆಲೆಗೆ ಹೋಲಿಸಿದ್ದು.

ಲೇಬಲ್ಲಿನಲ್ಲಿ ಗ್ರೇಡು ಇದೆಯಾ ನೋಡಿ. ಕೆಲವರು ‘ಡಬ್ಲ್ಯೂ 320’ ಅಂತ ಸ್ಪಷ್ಟವಾಗಿ ಹಾಕುತ್ತಾರೆ. ಬಹಳಷ್ಟು ಜನ ಬರೀ ‘ಇಡೀ ಗೋಡಂಬಿ’ ಅನ್ನುತ್ತಾರೆ. ಅಂಥ ಪ್ಯಾಕೆಟ್ಟನ್ನು ಮೊದಲ ಸಲ 100 ಅಥವಾ 200 ಗ್ರಾಂ ಮಾತ್ರ ತಂದು ಎಣಿಸಿ. ಒಮ್ಮೆ ಗೊತ್ತಾದರೆ ಆ ಬ್ರ್ಯಾಂಡು ಯಾವ ಗ್ರೇಡಿನ ಆಸುಪಾಸಿನಲ್ಲಿ ತುಂಬುತ್ತದೆ ಅನ್ನುವ ಅಂದಾಜು ಸಿಗುತ್ತದೆ. ಉಪ್ಪು, ಖಾರ ಹಾಕಿ ಹುರಿದ ಗೋಡಂಬಿಯನ್ನು ಈ ಹೋಲಿಕೆಗೆ ಸೇರಿಸಬೇಡಿ. ಅದರ ತೂಕದಲ್ಲಿ ಎಣ್ಣೆ, ಮಸಾಲೆ ಸೇರಿದೆ.

ಒಂದು ಲೆಕ್ಕ ಪೂರ್ತಿ ಮಾಡಿ ನೋಡೋಣ

ಒಂದು ಕೆ.ಜಿ. ಇಡೀ ಗೋಡಂಬಿ ಬೇಕು. ನಾಲ್ಕು ಕಡೆ ದರ ಸಿಕ್ಕಿದೆ ಅಂದುಕೊಳ್ಳಿ.

ಮೊದಲನೇ ಅಂಗಡಿ, ಬಿಡಿ ಮಾಲು. “240, ಕೆ.ಜಿ.ಗೆ 1,050” ಅಂದರು. 100 ಗ್ರಾಂ ತಂದು ಬೇರೆ ಮಾಡಿದಾಗ 91 ಗ್ರಾಂ ಇಡೀ ಬೀಜ, 9 ಗ್ರಾಂ ಚೂರು. ಇಡೀ ಬೀಜ 58 ಇದ್ದವು. ಅಂದರೆ 100 ಗ್ರಾಂ ಇಡೀ ಬೀಜಕ್ಕೆ ಸುಮಾರು 64. ನಮ್ಮ ಪಟ್ಟಿಯಲ್ಲಿ 240 ಅಂದರೆ 53 ದಾಟಬಾರದು. ಹಾಗಾಗಿ ಇದು ಬಹುಪಾಲು 320, ಮೇಲೊಂದಿಷ್ಟು ದಪ್ಪ ಬೀಜ ಬೆರೆಸಿದ್ದು. ಇದರ ನಿಜವಾದ ಬೆಲೆ ಎಷ್ಟು? ಆ ದಿನ 320ರ ದರ 960, ಚೂರಿನ ದರ 780 ಅಂತಿಟ್ಟುಕೊಳ್ಳಿ. ಒಂದು ಕೆ.ಜಿ.ಯಲ್ಲಿ 910 ಗ್ರಾಂ ಇಡೀ ಬೀಜಕ್ಕೆ ಸುಮಾರು 874 ರೂಪಾಯಿ, 90 ಗ್ರಾಂ ಚೂರಿಗೆ 70. ಒಟ್ಟು 944. ಕೇಳಿದ್ದು 1,050. ಇಲ್ಲದ 240ಕ್ಕೆ ಕೆ.ಜಿ.ಗೆ 106 ರೂಪಾಯಿ ಜಾಸ್ತಿ ಹೋಗುತ್ತಿತ್ತು.

ಎರಡನೇ ಅಂಗಡಿ, ಅದೂ ಬಿಡಿ. “320, ಕೆ.ಜಿ.ಗೆ 960”. 100 ಗ್ರಾಂಗೆ 69 ಬೀಜ ಬಂದವು, ಚೂರು 3 ಗ್ರಾಂ. ಹೇಳಿದ್ದೇ ಇದೆ. ಒಳ್ಳೆಯ ಮಾಲು. ಆದರೆ ಇವರು ಅರ್ಧ ಅರ್ಧ ಕೆ.ಜಿ.ಯನ್ನು ಬಣ್ಣದ ರಟ್ಟಿನ ಡಬ್ಬಿಗೆ ಹಾಕಿ ಡಬ್ಬಿ ಸಮೇತ ತೂಗುತ್ತಾರೆ. ಡಬ್ಬಿ 45 ಗ್ರಾಂ ಇದ್ದರೆ ನಿಮಗೆ ಸಿಗುವುದು 455 ಗ್ರಾಂ ಗೋಡಂಬಿ, ಕೊಡುವುದು 480 ರೂಪಾಯಿ. ಕೆ.ಜಿ.ಗೆ ಸುಮಾರು 1,055 ಆಯಿತು! ಗ್ರೇಡಿನಲ್ಲಿ ಉಳಿಸಿದ್ದು ರಟ್ಟಿಗೆ ಹೋಯಿತು. “ಖಾಲಿ ಡಬ್ಬಿ ಮೊದ್ಲು ಇಟ್ಟು ಸೊನ್ನೆ ಮಾಡಿ” ಅನ್ನಿ, ಇಲ್ಲವೇ ಕವರಿನಲ್ಲಿ ತೂಗಿಸಿ ಆಮೇಲೆ ಡಬ್ಬಿಗೆ ತುಂಬಿಸಿ. ಇದು ದಯೆಯ ಮಾತಲ್ಲ, ತೂಕ ಅಂದರೆ ಒಳಗಿನ ಮಾಲಿನ ತೂಕವೇ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಸಾಮಾನ್ಯವಾಗಿ ಅಷ್ಟು ದೂರ ಹೋಗುವುದಿಲ್ಲ. ನೀವು ತಕ್ಕಡಿ ನೋಡುತ್ತಿದ್ದೀರಿ ಅಂತ ಗೊತ್ತಾದರೆ ಸಾಕು.

ಮೂರನೆಯದು 250 ಗ್ರಾಂ ಪ್ಯಾಕೆಟ್ಟು. ಎಂಆರ್‌ಪಿ 400, ರಿಯಾಯಿತಿ ಕಳೆದು 275. ಲೇಬಲ್ಲಿನಲ್ಲಿ ‘ಇಡೀ ಗೋಡಂಬಿ’ ಅಂತಷ್ಟೇ ಇದೆ. ನಾಲ್ಕರಿಂದ ಗುಣಿಸಿದರೆ ಕೆ.ಜಿ.ಗೆ 1,100. ತೆರೆದು ಎಣಿಸಿದರೆ 100 ಗ್ರಾಂಗೆ 82 ಬೀಜ. ಅದು 400 ಗ್ರೇಡು. 125 ರೂಪಾಯಿ ಉಳಿಸಿದೆ ಅಂತ ಅನ್ನಿಸಿದ ಈ ಪ್ಯಾಕೆಟ್ಟು ನಾಲ್ಕರಲ್ಲಿ ದುಬಾರಿ, ಬೀಜವೂ ಸಣ್ಣ.

ನಾಲ್ಕನೆಯದು 500 ಗ್ರಾಂ ಪ್ಯಾಕೆಟ್ಟು, 520 ರೂಪಾಯಿ. 320 ಅಂತ ಮುದ್ರಿಸಿದ್ದಾರೆ, ಎಣಿಕೆಯೂ ಹೊಂದುತ್ತದೆ. ಕೆ.ಜಿ.ಗೆ 1,040. ಎರಡನೇ ಅಂಗಡಿಗಿಂತ 80 ರೂಪಾಯಿ ಜಾಸ್ತಿ.

ಈಗ ಉಳಿದದ್ದು ಎರಡನೆಯದು ಮತ್ತು ನಾಲ್ಕನೆಯದು. ಹದಿನೈದು ದಿನದಲ್ಲಿ ಖರ್ಚಾಗುತ್ತದೆ ಅಂದರೆ ಬಿಡಿ ತನ್ನಿ. ಡಬ್ಬಿ ಹೊರಗಿಟ್ಟು ತೂಗಿಸಿ. ಎರಡು ಮೂರು ತಿಂಗಳು ಇಡಬೇಕು, ಅಥವಾ ವಿದೇಶಕ್ಕೆ ಮಕ್ಕಳಿಗೆ ಕಳಿಸಬೇಕು ಅಂದರೆ ಆ 80 ರೂಪಾಯಿ ಕೊಡಬಹುದು. ಗಾಳಿಯಾಡದ ಪ್ಯಾಕಿಂಗ್, ತಯಾರಿಸಿದ ಅಥವಾ ಪ್ಯಾಕ್ ಮಾಡಿದ ದಿನಾಂಕ, ಹಾಳಾಗಿದ್ದರೆ ವಾಪಸ್ ಕೊಡುವ ಅವಕಾಶ ಇವಕ್ಕೆಲ್ಲ ಒಂದು ಬೆಲೆ ಇದೆ. ನೂರು ರೂಪಾಯಿವರೆಗೆ ಆ ಬೆಲೆ ನನಗೆ ಸರಿ ಅನ್ನಿಸುತ್ತದೆ. ಅದಕ್ಕಿಂತ ಮೇಲೆ ಹೋದರೆ ದುಡ್ಡು ಕೊಡುತ್ತಿರುವುದು ಪ್ಯಾಕೆಟ್ಟಿನ ಚಿತ್ರಕ್ಕೆ.

ಒಂದು ಎಚ್ಚರಿಕೆ. ಪ್ಯಾಕ್ ಮಾಡಿದ ದಿನಾಂಕ ಅಂದರೆ ಬೆಳೆಯ ದಿನಾಂಕವಲ್ಲ. ಹಳೇ ಮಾಲನ್ನು ಹೋದ ವಾರ ಪ್ಯಾಕ್ ಮಾಡಿರಬಹುದು. ಬಿಡಿ ಮಾಲಿನಲ್ಲಿ ಮೂಸಿ, ಕಚ್ಚಿ ನೋಡುವ ಅವಕಾಶವಿದೆ. ಆ ಒಂದು ವಿಷಯದಲ್ಲಿ ವ್ಯಾಪಾರ ಚೆನ್ನಾಗಿ ನಡೆಯುವ ಅಂಗಡಿಯ ಬಿಡಿ ಮಾಲೇ ಮೇಲು. ಟಿನ್ ಯಾವತ್ತು ಒಡೆದದ್ದು ಅಂತ ಕೇಳಿ. ಬೆಂಗಳೂರಿನ ರಸೆಲ್ ಮಾರ್ಕೆಟ್ಟಿನಲ್ಲೋ ಯಶವಂತಪುರದ ಯಾರ್ಡಿನಲ್ಲೋ ಮಾಲು ಬೇಗ ಖಾಲಿಯಾಗುವ ಅಂಗಡಿಗಳಿವೆ. ವಾರಕ್ಕೆ ನಾಲ್ಕು ಗಿರಾಕಿ ಬರುವ ಅಂಗಡಿಯ ಗಾಜಿನ ಜಾಡಿಯಲ್ಲಿರುವ ಗೋಡಂಬಿ ಎಷ್ಟು ಕಾಲದ್ದೋ ಗೊತ್ತಾಗುವುದಿಲ್ಲ.

ಹೆಜ್ಜೆ 4: ಊರಿನ ಹೆಸರಿಗೆ ಎಷ್ಟು ಕೊಡಬೇಕು

ಗೋಡಂಬಿಯಲ್ಲಿ ‘ಮಂಗಳೂರು ಮಾಲು’ ಅನ್ನುವ ಮಾತು ಜೋರು. ಮಂಗಳೂರು, ಕಾರ್ಕಳ, ಕುಂದಾಪುರದ ಕಡೆ ಸಂಸ್ಕರಣೆ ಮಾಡುವ ಕಾರ್ಖಾನೆಗಳು ಬಹಳ ಇವೆ, ಕೆಲಸವೂ ಚೆನ್ನಾಗಿರುತ್ತದೆ. ಆದರೆ ಕರಾವಳಿಯಲ್ಲಿ ಬೆಳೆಯುವ ಗೇರುಬೀಜ ಅವಕ್ಕೆ ಸಾಲುವುದಿಲ್ಲ. ಐವರಿ ಕೋಸ್ಟ್, ಘಾನಾ, ಬೆನಿನ್, ತಾಂಜಾನಿಯಾದಂಥ ಆಫ್ರಿಕಾದ ದೇಶಗಳಿಂದ ಸಿಪ್ಪೆ ಸಮೇತ ಬೀಜ ತರಿಸಿ ಇಲ್ಲಿ ಒಡೆಯುತ್ತಾರೆ. ಹಾಗಾಗಿ ಮಂಗಳೂರು ಅನ್ನುವುದು ಒಡೆದ ಊರು, ಬೆಳೆದ ಊರು ಅಂತಲೇ ಇರಬೇಕಿಲ್ಲ. ಊರ ತೋಟದ ಬೀಜ ಅಂತ ಹೇಳಿ ಹೆಚ್ಚು ಕೇಳಿದರೆ ಯಾವ ಕಾರ್ಖಾನೆ, ಎಲ್ಲಿಯ ಬೀಜ ಅಂತ ವಿಚಾರಿಸಿ. ಉತ್ತರ ಗಟ್ಟಿಯಾಗಿಲ್ಲದಿದ್ದರೆ ಬರೀ ಗ್ರೇಡಿನ ದರ ಕೊಡಿ.

ಊರಿನ ಹೆಸರು ನಿಜವಾಗಿಯೂ ದರ ಬದಲಿಸುವುದು ಬಾದಾಮಿಯಲ್ಲಿ. ಅಂಗಡಿಯಲ್ಲಿ ಸಾಮಾನ್ಯವಾಗಿ ಕಾಣುವುದು ಅಮೆರಿಕದ ಕ್ಯಾಲಿಫೋರ್ನಿಯಾ ಬಾದಾಮಿ. ಚಪ್ಪಟೆ, ನಯ, ಎಲ್ಲ ಒಂದೇ ಗಾತ್ರ. ಅದಕ್ಕೂ ಎಣಿಕೆಯ ಗ್ರೇಡು ಇದೆ, ಆದರೆ ಔನ್ಸಿನಲ್ಲಿ, ಅಂದರೆ 28 ಗ್ರಾಂ ಚಿಲ್ಲರೆಗೆ. ಪೆಟ್ಟಿಗೆಯ ಮೇಲೆ 23/25 ಅಂತಿದ್ದರೆ ಔನ್ಸಿಗೆ 23ರಿಂದ 25 ಬಾದಾಮಿ. ಅದನ್ನು 100 ಗ್ರಾಂಗೆ ತಂದರೆ 81ರಿಂದ 88. 20/22 ಇನ್ನೂ ದಪ್ಪ, ನೂರಕ್ಕೆ 71ರಿಂದ 78. 27/30 ಸಣ್ಣದು, 95ರಿಂದ 106. ಗೋಡಂಬಿಯ ಹಾಗೇ ಎಣಿಸಿ, ದರ ಹೋಲಿಸಿ.

ಮಾಮ್ರಾ ಬಾದಾಮಿ ಬೇರೆಯೇ. ಇರಾನ್, ಅಫ್ಘಾನಿಸ್ತಾನ, ಕಾಶ್ಮೀರದಿಂದ ಬರುತ್ತದೆ. ಕ್ಯಾಲಿಫೋರ್ನಿಯಾ ಬಾದಾಮಿಗಿಂತ ದರ ಎಷ್ಟೋ ಪಟ್ಟು. ಅದರ ಬೀಜ ದೋಣಿಯ ಹಾಗೆ ಒಳಕ್ಕೆ ಬಾಗಿರುತ್ತದೆ, ಮೈ ಸುಕ್ಕು, ಗಾತ್ರ ಒಂದೊಂದು ಒಂದೊಂದು ಥರ. ಹೀಗಾಗಿ ಎಣಿಕೆ ಇಲ್ಲಿ ಕೆಲಸಕ್ಕೆ ಬಾರದು, ಆಕಾರವನ್ನೇ ನೋಡಬೇಕು. ಅಂಗೈ ತುಂಬ ತೆಗೆದುಕೊಂಡು ಹರಡಿ. ಎಲ್ಲವೂ ಚಪ್ಪಟೆಯಾಗಿ ಒಂದೇ ಅಳತೆಯಲ್ಲಿದ್ದರೆ ಅದು ಮಾಮ್ರಾ ಅಲ್ಲ. ಗುರ್ಬಂದಿ ಅಂತ ಇನ್ನೊಂದು ಅಫ್ಘಾನ್ ಬಗೆ ಉಂಟು. ಚಿಕ್ಕದು, ಗುಂಡಗೆ, ನಡುನಡುವೆ ಕಹಿ ಬೀಜ ಬರುತ್ತದೆ. ದರದಲ್ಲಿ ಮಾಮ್ರಾಗಿಂತ ಬಹಳ ಕೆಳಗೆ. ಮಾಮ್ರಾ ದರಕ್ಕೆ ಗುರ್ಬಂದಿ ಬೆರೆಸಿ ಕೊಟ್ಟರೆ ಕಹಿಯಿಂದಲೇ ಪತ್ತೆಯಾಗುತ್ತದೆ. ಒಂದು ಹತ್ತು ಬೀಜ ತಿಂದು ನೋಡದೆ ಮಾಮ್ರಾಗೆ ದುಡ್ಡು ಕೊಡಬೇಡಿ. ಹೊರಗಿನಿಂದ ತಂದ ಮಾಲಿನ ಪ್ಯಾಕೆಟ್ಟಿನ ಮೇಲೆ ಮೂಲ ದೇಶದ ಹೆಸರು ಇರಲೇಬೇಕು. ಮುಂದೆ ದೊಡ್ಡದಾಗಿ ಮಾಮ್ರಾ ಅಂತ ಬರೆದು ಹಿಂದೆ ಅಮೆರಿಕ ಅಂತ ಇದ್ದರೆ ವಾಪಸ್ ಇಡಿ.

ಒಣದ್ರಾಕ್ಷಿಯಲ್ಲಿ ನಮಗೆ ಒಂದು ಅನುಕೂಲ ಇದೆ. ವಿಜಯಪುರ, ಬಾಗಲಕೋಟೆ ಕಡೆಯೇ ಬೆಳೆದು ಒಣಗಿಸುತ್ತಾರೆ. ಸುಮಾರು ನಾಲ್ಕು ಕೆ.ಜಿ. ಹಸಿ ದ್ರಾಕ್ಷಿ ಒಂದು ಕೆ.ಜಿ. ಒಣದ್ರಾಕ್ಷಿಯಾಗುತ್ತದೆ. ಉದ್ದ ದ್ರಾಕ್ಷಿ ತೋರಿಸಿ ಅಫ್ಘಾನ್ ಅಂತ ಜಾಸ್ತಿ ಕೇಳುವವರಿದ್ದಾರೆ. ಉದ್ದ ಇದ್ದ ಮಾತ್ರಕ್ಕೆ ಅಫ್ಘಾನ್ ಅಲ್ಲ. ಸೋನಾಕಾದಂಥ ಉದ್ದ ತಳಿಯನ್ನು ಇಲ್ಲೂ, ಮಹಾರಾಷ್ಟ್ರದಲ್ಲೂ ಬೆಳೆಯುತ್ತಾರೆ. ಹೊಳೆಯುವ ಬಂಗಾರದ ಬಣ್ಣ ಗಂಧಕದ ಹೊಗೆ ಕೊಟ್ಟದ್ದರಿಂದ ಬರುತ್ತದೆ. ಅದೇ ದ್ರಾಕ್ಷಿಯನ್ನು ಹೊಗೆ ಕೊಡದೆ ನೆರಳಲ್ಲಿ ಒಣಗಿಸಿದರೆ ಹಸಿರು, ಮಾಸಲು. ಬಣ್ಣಕ್ಕೆ ಕೊಡುವ ಹೆಚ್ಚಿನ ದರ ಬರೀ ಬಣ್ಣಕ್ಕೇ. ಪಾಯಸಕ್ಕೆ ಮಾಸಲು ಹಸಿರೇ ಚೆನ್ನ. ಇಲ್ಲಿ ದರ ಹೋಲಿಸುವಾಗ ತೇವ ನೋಡಿ. ಒಂದು ಮುಷ್ಟಿ ಹಿಡಿದು ಗಟ್ಟಿಯಾಗಿ ಒತ್ತಿ ಬಿಡಿ. ಬಿಡಿಬಿಡಿಯಾಗಿ ಉದುರಬೇಕು. ಉಂಡೆಯಾಗಿ ಕೂತರೆ ಒಣಗಿಸಿದ್ದು ಸಾಲದು, ತೂಕದಲ್ಲಿ ನೀರಿದೆ. ಹೊಸ ಮಾಲು ಬರುವುದು ಬೇಸಿಗೆಯಲ್ಲಿ. ದೀಪಾವಳಿಗೆ ಹತ್ತಿರವಾದಷ್ಟು ದರ ಏರುತ್ತದೆ, ಆದ್ದರಿಂದ ಫ್ರಿಜ್ಜಿನಲ್ಲಿ ಜಾಗವಿದ್ದವರು ಏಪ್ರಿಲ್, ಮೇನಲ್ಲೇ ತಂದಿಡಬಹುದು.

ಹೆಜ್ಜೆ 5: ಸಿಪ್ಪೆ ಇದ್ದರೆ ತಿರುಳಿನ ದರ ತೆಗೆಯಿರಿ

ಪಿಸ್ತಾ, ಅಕ್ರೋಟು ಸಿಪ್ಪೆ ಸಮೇತವೂ ಸಿಗುತ್ತವೆ, ಬಿಡಿಸಿದ್ದೂ ಸಿಗುತ್ತವೆ. ಇವೆರಡರ ಕೆ.ಜಿ. ದರವನ್ನು ನೇರವಾಗಿ ಹೋಲಿಸಿದರೆ ಸಿಪ್ಪೆಯದು ಯಾವಾಗಲೂ ಅಗ್ಗವಾಗಿ ಕಾಣುತ್ತದೆ. 100 ಗ್ರಾಂ ತಂದು ಒಡೆದು ತಿರುಳನ್ನು ತೂಗಿ. ಪಿಸ್ತಾದಲ್ಲಿ ಸುಮಾರು ಅರ್ಧ, ಅಕ್ರೋಟಿನಲ್ಲಿ 40ರಿಂದ 50 ಗ್ರಾಂ ಸಿಗುತ್ತದೆ. ಸಿಪ್ಪೆ ಅಕ್ರೋಟು ಕೆ.ಜಿ.ಗೆ 600, 100 ಗ್ರಾಂಗೆ ಸಿಕ್ಕಿದ್ದು 42 ಗ್ರಾಂ ತಿರುಳು ಅಂದುಕೊಳ್ಳಿ. 600ನ್ನು 0.42ರಿಂದ ಭಾಗಿಸಿ. ತಿರುಳಿನ ದರ ಕೆ.ಜಿ.ಗೆ ಸುಮಾರು 1,430. ಬಿಡಿಸಿದ ಅಕ್ರೋಟು 1,300ಕ್ಕೆ ಸಿಗುತ್ತಿದ್ದರೆ ಅದೇ ಅಗ್ಗ, ಒಡೆಯುವ ಕೆಲಸವೂ ಇಲ್ಲ. ಆದರೆ ಒಡೆಯುವಾಗ ಕಪ್ಪಗೆ ಮುರುಟಿದ, ಕಮಟಾದ ತಿರುಳು ಸಿಕ್ಕರೆ ಅದನ್ನು ತೂಕಕ್ಕೆ ಸೇರಿಸಬೇಡಿ. ಪಿಸ್ತಾದಲ್ಲಿ ಬಾಯಿ ಬಿಡದ ಕಾಯಿಗಳನ್ನೂ ಹಾಗೇ ಪಕ್ಕಕ್ಕೆ ಹಾಕಿ. ಹಲ್ಲಿಗೆ ಕೆಲಸ ಕೊಡುವ ಅವುಗಳಿಗೂ ನೀವು ಅದೇ ದರ ಕೊಟ್ಟಿರುತ್ತೀರಿ.

ಬಿಡಿಸಿದ ಅಕ್ರೋಟಿನಲ್ಲಿ ಬಣ್ಣವೇ ಗ್ರೇಡು. ತೆಳು ಬಣ್ಣದ ಅರ್ಧ ಹೋಳುಗಳಿಗೆ ದರ ಜಾಸ್ತಿ, ಕಂದು ಬಣ್ಣದ ಚೂರಿಗೆ ಕಡಿಮೆ. ಕೇಕಿಗೆ, ಉಂಡೆಗೆ ಚೂರು ಸಾಕು, ಆದರೆ ಗೋಡಂಬಿ ಚೂರಿನಷ್ಟು ಧೈರ್ಯದಿಂದ ಕೊಳ್ಳಬೇಡಿ. ಅಕ್ರೋಟು ಎಣ್ಣೆ ಜಾಸ್ತಿಯಿರುವ ಬೀಜ. ಚೂರಾದಷ್ಟೂ ಗಾಳಿ ತಾಗಿ ಬೇಗ ಕಮಟಾಗುತ್ತದೆ. ಬಿಡಿ ಅಕ್ರೋಟು ಚೂರನ್ನು ತಿಂದು ನೋಡದೆ ತರಬೇಡಿ. ತಂದದ್ದನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಹಾಕಿ ನೇರವಾಗಿ ಫ್ರಿಜ್ಜಿಗೆ ಇಡಿ.